21ನೇ ವಿಧಿ ಏನು ಕೊಡುತ್ತದೆ, ಎಲ್ಲಿ ನಿಲ್ಲುತ್ತದೆ

ಶುಕ್ರವಾರ ಸಂಜೆ ಮನೆಗೆ ಬಂದಾಗ ಗೋಡೆಯ ಮೇಲೆ ಒಂದು ಕಾಗದ ಅಂಟಿಸಿರುವುದು ಕಾಣುತ್ತದೆ: ‘ಅನಧಿಕೃತ ಕಟ್ಟಡ, ಸೋಮವಾರ ತೆರವು’. ಬೀದಿಯಲ್ಲಿ ಆಗಲೇ ಎರಡು ಅಭಿಪ್ರಾಯ. ‘ಸೂರು ಮೂಲಭೂತ ಹಕ್ಕು, 21ನೇ ವಿಧಿ ಇದೆ, ಯಾರೂ ಮುಟ್ಟೋಕಾಗಲ್ಲ’ ಎಂದು ಒಬ್ಬರು. ‘ಅದೆಲ್ಲ ಪುಸ್ತಕದಲ್ಲಿ, ಜೆಸಿಬಿ ಬಂದ ಮೇಲೆ ಯಾವ ವಿಧಿಯೂ ಇಲ್ಲ’ ಎಂದು ಇನ್ನೊಬ್ಬರು. ಇಬ್ಬರದೂ ಅರ್ಧ ಸರಿ. ಉಳಿದರ್ಧ ತಿಳಿಯಬೇಕಾದರೆ, ಒಂದೇ ವಾಕ್ಯದ ಈ ವಿಧಿಯನ್ನು ನ್ಯಾಯಾಲಯಗಳು ಎಪ್ಪತ್ತೈದು ವರ್ಷಗಳಲ್ಲಿ ಹೇಗೆ ಓದುತ್ತ ಬಂದವು ಎಂಬುದನ್ನು ನೋಡಬೇಕು.

## ಮೂರು ಪದ, ಒಂದು ವಾಕ್ಯ

ವಿಧಿಯ ಸಾರಾಂಶ ಇಷ್ಟೆ: ಕಾನೂನು ಗೊತ್ತುಪಡಿಸಿದ ಕಾರ್ಯವಿಧಾನದ ಪ್ರಕಾರವಲ್ಲದೆ ಯಾವ ವ್ಯಕ್ತಿಯ ಜೀವವನ್ನಾಗಲಿ ವೈಯಕ್ತಿಕ ಸ್ವಾತಂತ್ರ್ಯವನ್ನಾಗಲಿ ಕಸಿದುಕೊಳ್ಳುವಂತಿಲ್ಲ.

ಇಲ್ಲಿ ‘ನಾಗರಿಕ’ ಎಂದಿಲ್ಲ, ‘ವ್ಯಕ್ತಿ’ ಎಂದಿದೆ. ಹಾಗಾಗಿ ವೀಸಾ ಪಡೆದು ಬೆಂಗಳೂರಿನಲ್ಲಿ ಓದುತ್ತಿರುವ ವಿದೇಶಿ ವಿದ್ಯಾರ್ಥಿಗೂ ಇದು ಅನ್ವಯಿಸುತ್ತದೆ. ಇನ್ನೂ ಒಂದು ಸಂಗತಿಯನ್ನು ಗಮನಿಸಿ. ‘ಕಸಿದುಕೊಳ್ಳಲೇಬಾರದು’ ಎಂದು ವಿಧಿ ಹೇಳುವುದಿಲ್ಲ. ಕಸಿದುಕೊಳ್ಳುವುದಾದರೆ ಹೇಗೆ ಎಂಬುದನ್ನಷ್ಟೇ ಹೇಳುತ್ತದೆ. ಜೈಲು, ದಂಡನೆ, ಬಂಧನ ಎಲ್ಲವೂ ಇರುತ್ತವೆ, ಆದರೆ ದಾರಿ ಕಾನೂನಿನದ್ದಾಗಿರಬೇಕು.

ಆ ‘ದಾರಿ’ಗೆ ಯಾವ ಪದ ಬಳಸಬೇಕೆಂಬುದೇ ಸಂವಿಧಾನ ರಚನೆಯ ಕಾಲದಲ್ಲಿ ದೊಡ್ಡ ಚರ್ಚೆಯಾಗಿತ್ತು. ಸಂವಿಧಾನ ಸಭೆಯ ಸಲಹೆಗಾರರಾಗಿದ್ದವರು ಮಂಗಳೂರು ಮೂಲದ ಬೆನಗಲ್ ನರಸಿಂಗ ರಾವ್. ಅಮೆರಿಕದ ಸಂವಿಧಾನದಲ್ಲಿರುವ ‘ಡ್ಯೂ ಪ್ರೊಸೆಸ್’ ಎಂಬ ಮಾತು ನಮಗೂ ಬೇಕೇ ಎಂಬ ಪ್ರಶ್ನೆ ಇದ್ದಾಗ, ಅವರು ಅಲ್ಲಿಗೆ ಹೋಗಿ ಅಲ್ಲಿನ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಅವರನ್ನು ಕಂಡರು. ಶಾಸನಸಭೆ ಮಾಡಿದ ಕಾನೂನು ನ್ಯಾಯಯುತವೋ ಅಲ್ಲವೋ ಎಂದು ಅಳೆಯುವ ಅಧಿಕಾರವನ್ನು ಆ ಪದ ನ್ಯಾಯಾಧೀಶರ ಕೈಗೆ ಕೊಟ್ಟುಬಿಡುತ್ತದೆ ಎಂಬುದು ಅವರಿಂದ ಸಿಕ್ಕ ಎಚ್ಚರಿಕೆ. ಕೊನೆಗೆ ನಮ್ಮ ಪಠ್ಯದಲ್ಲಿ ಉಳಿದದ್ದು ‘ಕಾನೂನು ಗೊತ್ತುಪಡಿಸಿದ ಕಾರ್ಯವಿಧಾನ’. ಬೇಡವೆಂದು ಬಾಗಿಲಲ್ಲೇ ನಿಲ್ಲಿಸಿದ ಆ ವಿಚಾರವೇ 28 ವರ್ಷಗಳ ನಂತರ ತೀರ್ಪಿನ ಮೂಲಕ ಒಳಗೆ ಬಂದದ್ದು ಈ ಕಥೆಯ ತಿರುವು.

## ಮೊದಲ ಓದು: ಕಾನೂನು ಇದ್ದರೆ ಸಾಕು

1950ರಲ್ಲಿ ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ಮದ್ರಾಸ್ ರಾಜ್ಯದಲ್ಲಿ ಸೆರೆಯಲ್ಲಿದ್ದರು. ಅದೇ ವರ್ಷ ಜಾರಿಗೆ ಬಂದಿದ್ದ ಮುಂಜಾಗ್ರತಾ ಬಂಧನ ಕಾಯ್ದೆಯಡಿ ಅವರಿಗೆ ಹೊಸ ಆದೇಶ ಕೊಟ್ಟರು. ಮುಂಜಾಗ್ರತಾ ಬಂಧನವೆಂದರೆ ಅಪರಾಧ ಮಾಡಿದ್ದಕ್ಕಲ್ಲ, ಮಾಡಬಹುದೆಂಬ ಅನುಮಾನಕ್ಕೆ ಹಿಡಿದಿಡುವುದು. ಅವರ ವಾದ ಸರಳವಾಗಿತ್ತು: ಕಾನೂನು ಎಂದರೆ ನ್ಯಾಯಯುತ ಕಾನೂನು ಎಂದಲ್ಲವೇ?

ಸುಪ್ರೀಂ ಕೋರ್ಟಿನ ಆರು ನ್ಯಾಯಮೂರ್ತಿಗಳ ಪೀಠದ ಬಹುಮತ ಇಲ್ಲ ಎಂದಿತು. ಶಾಸನಸಭೆ ಕಾನೂನು ಮಾಡಿದೆಯೇ, ಅದರಲ್ಲೊಂದು ಕಾರ್ಯವಿಧಾನ ಇದೆಯೇ, ಅಧಿಕಾರಿ ಅದನ್ನು ಪಾಲಿಸಿದ್ದಾನೆಯೇ? ಇಷ್ಟಿದ್ದರೆ ಮುಗಿಯಿತು. ಆ ಕಾರ್ಯವಿಧಾನ ಒಳ್ಳೆಯದೋ ಕೆಟ್ಟದ್ದೋ ಎಂಬುದು ನ್ಯಾಯಾಲಯದ ಕೆಲಸವಲ್ಲ. ಜೊತೆಗೆ, ಒಂದೊಂದು ಮೂಲಭೂತ ಹಕ್ಕೂ ಒಂದೊಂದು ಪ್ರತ್ಯೇಕ ಕೋಣೆ ಇದ್ದಂತೆ, 21ರ ಕೋಣೆಯಲ್ಲಿ ನಿಂತು, ಮಾತು, ಓಡಾಟದಂಥ ಸ್ವಾತಂತ್ರ್ಯಗಳನ್ನು ಕೊಡುವ 19ರ ಕಿಟಕಿಯಿಂದ ನೋಡುವಂತಿಲ್ಲ. ನ್ಯಾಯಮೂರ್ತಿ ಫಜಲ್ ಅಲಿ ಮಾತ್ರ ಒಪ್ಪದೆ ಭಿನ್ನ ತೀರ್ಪು ಬರೆದರು.

ಈ ಓದಿನಲ್ಲಿರುವ ತೊಂದರೆ ಗೊತ್ತಾಗಲು ಒಂದು ಉದಾಹರಣೆ ನೋಡಿ. ‘ತಪಾಸಣಾಧಿಕಾರಿ ಬೇಕೆಂದಾಗ, ಬೇಕಾದವರನ್ನು, ಕಾರಣ ಹೇಳದೆ ಬಸ್ಸಿನಿಂದ ಇಳಿಸಬಹುದು’ ಎಂದು ನಿಯಮಪುಸ್ತಕದಲ್ಲಿಯೇ ಬರೆದಿದೆ ಎಂದುಕೊಳ್ಳೋಣ. ಅಧಿಕಾರಿ ನಿಯಮ ಮುರಿದಿಲ್ಲ. ಆದರೆ ಆ ನಿಯಮವೇ ಒಂದು ನಿಯಮದಂತಿಲ್ಲ. ಗೋಪಾಲನ್ ತೀರ್ಪಿನ ಪ್ರಕಾರ ಇದಕ್ಕೆ 21ನೇ ವಿಧಿಯಲ್ಲಿ ಉತ್ತರವಿರಲಿಲ್ಲ.

ಇದೇ ದಾರಿ ಇನ್ನೂ ಕೆಳಕ್ಕಿಳಿದು ತಳ ಮುಟ್ಟಿದ್ದು ತುರ್ತುಪರಿಸ್ಥಿತಿಯಲ್ಲಿ. 1976ರ ಎಡಿಎಂ ಜಬಲ್‌ಪುರ ಪ್ರಕರಣದಲ್ಲಿ ಐವರಲ್ಲಿ ನಾಲ್ವರು ನ್ಯಾಯಮೂರ್ತಿಗಳು, ತುರ್ತುಪರಿಸ್ಥಿತಿ ಇರುವಷ್ಟು ಕಾಲ ಅಕ್ರಮ ಬಂಧನವನ್ನು ಪ್ರಶ್ನಿಸಿ ಹೈಕೋರ್ಟಿಗೂ ಹೋಗುವಂತಿಲ್ಲ ಎಂದರು. ಎಚ್.ಆರ್. ಖನ್ನಾ ಒಬ್ಬರೇ ವಿರೋಧಿಸಿದರು. 1978ರ 44ನೇ ತಿದ್ದುಪಡಿಯಿಂದ ಈ ಬಾಗಿಲು ಮುಚ್ಚಿತು. ಈಗ ತುರ್ತುಪರಿಸ್ಥಿತಿಯಲ್ಲೂ 20 ಮತ್ತು 21ನೇ ವಿಧಿಗಳ ಜಾರಿಯನ್ನು ಅಮಾನತಿನಲ್ಲಿಡುವಂತಿಲ್ಲ.

## ಸನ್ನಿವೇಶ: ಕಾರಣ ಹೇಳದೆ ಪಾಸ್‌ಪೋರ್ಟ್ ಕೇಳಿದರೆ

1977ರ ಜುಲೈ 4ರಂದು ಮೇನಕಾ ಗಾಂಧಿಯವರಿಗೆ ದೆಹಲಿಯ ಪಾಸ್‌ಪೋರ್ಟ್ ಕಚೇರಿಯಿಂದ ಒಂದು ಪತ್ರ ತಲುಪಿತು. ‘ಸಾರ್ವಜನಿಕ ಹಿತದೃಷ್ಟಿಯಿಂದ’ ನಿಮ್ಮ ಪಾಸ್‌ಪೋರ್ಟ್ ವಶಕ್ಕೆ ಪಡೆಯಲು ನಿರ್ಧರಿಸಲಾಗಿದೆ, ಏಳು ದಿನಗಳೊಳಗೆ ಒಪ್ಪಿಸಿ ಎಂಬುದು ಅದರ ಒಕ್ಕಣೆ. ಅವರು ಕಾರಣ ಕೇಳಿದರು. ಸಾರ್ವಜನಿಕ ಹಿತದೃಷ್ಟಿಯಿಂದಲೇ ಕಾರಣ ಕೊಡಲಾಗದು ಎಂಬ ಉತ್ತರ ಬಂತು. ಹೀಗೆ ಹೇಳಲು ಪಾಸ್‌ಪೋರ್ಟ್ ಕಾಯ್ದೆಯ 10(5)ನೇ ಸೆಕ್ಷನ್‌ನಲ್ಲೇ ಅವಕಾಶವಿತ್ತು. ಅಂದರೆ ಗೋಪಾಲನ್ ಅಳತೆಗೋಲಿನಲ್ಲಿ ಎಲ್ಲವೂ ಸರಿಯಾಗಿತ್ತು: ಕಾನೂನಿತ್ತು, ಕಾರ್ಯವಿಧಾನವಿತ್ತು, ಅದನ್ನು ಪಾಲಿಸಿದ್ದೂ ಆಗಿತ್ತು.

ಏಳು ನ್ಯಾಯಮೂರ್ತಿಗಳ ಪೀಠ 1978ರ ಜನವರಿ 25ರಂದು ಅಳತೆಗೋಲನ್ನೇ ಬದಲಿಸಿತು. ಕಾರ್ಯವಿಧಾನ ಇದ್ದರೆ ಸಾಲದು, ಅದು ನ್ಯಾಯಯುತವಾಗಿರಬೇಕು, ಸಮಂಜಸವಾಗಿರಬೇಕು, ಮನಬಂದಂತೆ ನಡೆಯಲು ಎಡೆ ಕೊಡಬಾರದು. ಸಮಾನತೆಯ 14, ಸ್ವಾತಂತ್ರ್ಯಗಳ 19 ಮತ್ತು 21ನೇ ವಿಧಿಗಳು ಬೇರೆ ಬೇರೆ ಕೋಣೆಗಳಲ್ಲ, ಒಂದೇ ಹಜಾರ. ಒಬ್ಬನ ಸ್ವಾತಂತ್ರ್ಯಕ್ಕೆ ಕೈಹಾಕುವ ಕಾನೂನು ಆ ಮೂರನ್ನೂ ದಾಟಿ ಬರಬೇಕು. ಸೆಕ್ಷನ್‌ನಲ್ಲಿ ‘ಆತನ ಮಾತನ್ನು ಕೇಳಿ’ ಎಂದು ಬರೆಯದಿದ್ದರೂ, ಕೇಳುವ ಹೊಣೆ ಅದರಲ್ಲಿ ಅಡಗಿರುತ್ತದೆ ಎಂದು ನ್ಯಾಯಾಲಯ ಓದಿತು. ತಕ್ಷಣ ಕ್ರಮ ಬೇಕಿದ್ದರೆ ಪಾಸ್‌ಪೋರ್ಟ್ ವಶಪಡಿಸಿಕೊಂಡ ಕೂಡಲೇ ಕೇಳಿದರೂ ನಡೆಯುತ್ತದೆ, ಆದರೆ ಕೇಳಲೇಬೇಕು.

ಇಷ್ಟನ್ನು ಎಲ್ಲ ಪಠ್ಯಪುಸ್ತಕಗಳೂ ಹೇಳುತ್ತವೆ. ಕೊನೆಯ ಪುಟ ಓದಿದವರು ಕಡಿಮೆ. ಮೇನಕಾ ಅವರಿಗೆ ಪಾಸ್‌ಪೋರ್ಟ್ ಹಿಂದಿರುಗಿಸಿ ಎಂದು ನ್ಯಾಯಾಲಯ ಆದೇಶ ಮಾಡಲೇ ಇಲ್ಲ. ಅವರ ಅಹವಾಲು ಕೇಳಿ ಮತ್ತೆ ತೀರ್ಮಾನಿಸುತ್ತೇವೆ ಎಂದು ಅಟಾರ್ನಿ ಜನರಲ್ ಕೊಟ್ಟ ಮಾತನ್ನು ದಾಖಲಿಸಿಕೊಂಡು, ಆದೇಶ ರದ್ದುಮಾಡದೆ ಅರ್ಜಿಯನ್ನು ಮುಗಿಸಿತು. ದೇಶಕ್ಕೆ ಹೊಸ ಕಾನೂನು ಸಿಕ್ಕಿತು, ಅರ್ಜಿದಾರರಿಗೆ ಒಂದು ವಿಚಾರಣೆ ಸಿಕ್ಕಿತು. 21ನೇ ವಿಧಿಯ ದೊಡ್ಡ ತೀರ್ಪುಗಳನ್ನು ಓದುವಾಗ ಇದನ್ನು ನೆನಪಿಟ್ಟುಕೊಳ್ಳಬೇಕು. ಈ ನಮೂನೆ ಮತ್ತೆ ಮತ್ತೆ ಕಾಣಸಿಗುತ್ತದೆ.

## ಸನ್ನಿವೇಶ: ಫುಟ್‌ಪಾತ್ ಮೇಲಿನ ಗುಡಿಸಲು

‘ಕಾರ್ಯವಿಧಾನ’ ಹೀಗೆ ಬೆಳೆದ ಮೇಲೆ ‘ಜೀವ’ ಎಂಬ ಪದದ ಸರದಿ. ಬರೀ ಉಸಿರಾಡುವುದಷ್ಟೇ ಜೀವವಲ್ಲ ಎಂಬ ಮಾತು 1962ರ ಖರಕ್ ಸಿಂಗ್ ಪ್ರಕರಣದಲ್ಲೇ ಬಂದಿತ್ತು. ಉಸಿರಿನ ಆಚೆಗೆ ಏನೇನು ಸೇರುತ್ತದೆ ಎಂಬ ಪಟ್ಟಿ ಬೆಳೆದದ್ದು ಮೇನಕಾ ತೀರ್ಪಿನ ನಂತರ.

1981ರ ಜುಲೈನಲ್ಲಿ ಮಹಾರಾಷ್ಟ್ರ ಸರ್ಕಾರ ಬಾಂಬೆಯ ಫುಟ್‌ಪಾತ್‌ಗಳಲ್ಲೂ ಕೊಳೆಗೇರಿಗಳಲ್ಲೂ ಇದ್ದವರನ್ನು ತೆರವುಗೊಳಿಸಿ ಅವರವರ ಊರಿಗೆ ಕಳಿಸುವುದಾಗಿ ಘೋಷಿಸಿತು. ಪತ್ರಕರ್ತೆ ಓಲ್ಗಾ ಟೆಲಿಸ್ ಮತ್ತಿತರರು ಸುಪ್ರೀಂ ಕೋರ್ಟಿಗೆ ಹೋದರು. ವಾದದ ಜಾಡು ಹೀಗಿತ್ತು: ಈ ಜನ ಫುಟ್‌ಪಾತ್‌ನಲ್ಲಿರುವುದು ಕೆಲಸ ಹತ್ತಿರದಲ್ಲಿದೆ ಎಂದು. ಎಬ್ಬಿಸಿದರೆ ಕೂಲಿ ಹೋಗುತ್ತದೆ, ಕೂಲಿ ಹೋದರೆ ಅನ್ನ ಹೋಗುತ್ತದೆ, ಅನ್ನವಿಲ್ಲದೆ ಜೀವವಿಲ್ಲ. 1985ರ ಜುಲೈ 10ರ ತೀರ್ಪಿನಲ್ಲಿ ಐವರ ಪೀಠ ಇದನ್ನು ಪೂರ್ತಿ ಒಪ್ಪಿತು. ಜೀವನೋಪಾಯ ಜೀವದ ಭಾಗವೇ ಎಂದಿತು.

ಆಮೇಲಿನ ಪ್ರಶ್ನೆ ಕಾರ್ಯವಿಧಾನದ್ದು. ನೋಟಿಸ್ ಕೊಡದೆಯೂ ಒತ್ತುವರಿ ತೆಗೆಸಬಹುದು ಎಂದು ಪಾಲಿಕೆಯ ಕಾಯ್ದೆಯ 314ನೇ ಸೆಕ್ಷನ್ ಹೇಳುತ್ತಿತ್ತು. ನ್ಯಾಯಾಲಯ ಅದನ್ನು ರದ್ದುಮಾಡಲಿಲ್ಲ, ಅರ್ಥವನ್ನು ಬಿಗಿಮಾಡಿತು. ‘ಕೊಡದೆಯೂ’ ಎಂದರೆ ‘ಕೊಡಬೇಡ’ ಎಂದಲ್ಲ. ನೋಟಿಸ್ ಕೊಡುವುದೇ ನಿಯಮ, ಕೊಡದಿರುವುದು ತೀರಾ ತುರ್ತಿನ ಅಪವಾದ. ‘ಒತ್ತುವರಿ ಮಾಡಿದವನು ಹೇಳುವುದೇನಿದೆ, ಕೇಳಿ ಏನು ಪ್ರಯೋಜನ’ ಎಂಬ ಪಾಲಿಕೆಯ ವಾದವನ್ನೂ ತಳ್ಳಿಹಾಕಿತು. ತೀರ್ಮಾನ ಬದಲಾಗದಿದ್ದರೂ, ತನ್ನ ಬದುಕಿನ ಬಗ್ಗೆ ಮಾತಾಡುವ ಅವಕಾಶಕ್ಕೆ ಅದರದ್ದೇ ಬೆಲೆಯಿದೆ ಎಂಬುದು ಪೀಠದ ನಿಲುವು.

ಆದರೆ ಫುಟ್‌ಪಾತ್ ಇರುವುದು ನಡೆಯುವವರಿಗೆ. ಅಲ್ಲಿ ನೆಲೆಸುವ ಹಕ್ಕು ಯಾರಿಗೂ ಇಲ್ಲ ಎಂದೂ ತೀರ್ಪು ಹೇಳಿತು. ಮಳೆಗಾಲ ಮುಗಿಯಲಿ, ಅಕ್ಟೋಬರ್ 31ರವರೆಗೆ ಎಬ್ಬಿಸಬೇಡಿ ಎಂದು ಗಡುವು ಕೊಟ್ಟಿತು. 1976ರ ಗಣತಿಯ ಗುರುತುಪತ್ರ ಇದ್ದವರಿಗೆ ಬೇರೆ ಜಾಗ ಕೊಡಬೇಕು ಎಂದಿತು. ಅದನ್ನೂ ತೆರವಿಗೆ ಪೂರ್ವಷರತ್ತಾಗಿಸಲಿಲ್ಲ. ಜೀವನೋಪಾಯದ ಹಕ್ಕನ್ನು ಗೆದ್ದವರು ಜಾಗವನ್ನು ಕಳೆದುಕೊಂಡರು.

## ಸನ್ನಿವೇಶ: ಗೋಡೆಗೆ ಅಂಟಿಸಿದ ನೋಟಿಸ್

ಈಗ ಆ ಶುಕ್ರವಾರದ ಕಾಗದಕ್ಕೆ ಬರೋಣ. ಮನೆ ಇರುವುದು ನಿಮ್ಮದೇ ಸೈಟಿನಲ್ಲಿ, ಆದರೆ ನಕ್ಷೆಯಲ್ಲಿ ಇಲ್ಲದ ಒಂದು ಮಹಡಿ ಎದ್ದಿದೆ ಎಂದುಕೊಳ್ಳಿ. ತಪ್ಪು ನಿಮ್ಮದೇ. ಹಾಗಿದ್ದೂ ಸೋಮವಾರ ಕೆಡವಬಹುದೇ?

ಆರೋಪಿಗಳ ಮನೆಗಳನ್ನು ಶಿಕ್ಷೆಯಂತೆ ಬುಲ್ಡೋಜರ್‌ನಿಂದ ಕೆಡವುತ್ತಿದ್ದ ಪ್ರಕರಣಗಳ ಹಿನ್ನೆಲೆಯಲ್ಲಿ, ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಬಿ.ಆರ್. ಗವಾಯಿ ಮತ್ತು ಕೆ.ವಿ. ವಿಶ್ವನಾಥನ್ ಅವರ ಪೀಠ 2024ರ ನವೆಂಬರ್ 13ರಂದು ದೇಶಕ್ಕೆಲ್ಲ ಅನ್ವಯಿಸುವ ನಿರ್ದೇಶನಗಳನ್ನು ಕೊಟ್ಟಿತು. ಸೂರು 21ನೇ ವಿಧಿಯ ಭಾಗ ಎಂಬುದು ಅದರ ಆಧಾರ. ಹಂತಗಳು ಹೀಗೆ ಸಾಗುತ್ತವೆ.

ಮೊದಲು ನೋಟಿಸ್. ಅದು ಸ್ವೀಕೃತಿ ಸಹಿತ ರಿಜಿಸ್ಟರ್ಡ್ ಅಂಚೆಯಲ್ಲಿ ಬರಬೇಕು, ಜೊತೆಗೆ ಕಟ್ಟಡದ ಮೇಲೂ ಅಂಟಿಸಬೇಕು. ಸ್ಥಳೀಯ ಕಾಯ್ದೆಯಲ್ಲಿರುವ ಅವಧಿ ಅಥವಾ 15 ದಿನ, ಎರಡರಲ್ಲಿ ಯಾವುದು ಹೆಚ್ಚೋ ಅಷ್ಟು ಸಮಯ ಕೊಡಬೇಕು. ಎಣಿಕೆ ಶುರುವಾಗುವುದು ನೋಟಿಸ್ ಕೈಸೇರಿದ ದಿನದಿಂದ, ಅದರ ಮೇಲಿರುವ ತಾರೀಖಿನಿಂದಲ್ಲ. ಯಾವ ಭಾಗ ಅನಧಿಕೃತ, ಯಾವ ನಿಯಮ ಮುರಿದಿದೆ, ಯಾವ ದಾಖಲೆ ತರಬೇಕು, ಯಾವ ದಿನ ಯಾರ ಮುಂದೆ ಹಾಜರಾಗಬೇಕು ಎಂಬುದೆಲ್ಲ ಅದರಲ್ಲಿರಬೇಕು. ಬರೀ ‘ಅನಧಿಕೃತ, ಸೋಮವಾರ ತೆರವು’ ಎಂಬುದು ಈ ಅರ್ಥದಲ್ಲಿ ನೋಟಿಸೇ ಅಲ್ಲ.

ನಂತರ ವಿಚಾರಣೆ. ನೀವು ಖುದ್ದು ಹೋಗಿ ಹೇಳಿದ್ದನ್ನು ನಡಾವಳಿಯಾಗಿ ಬರೆದುಕೊಳ್ಳಬೇಕು. ಅಂತಿಮ ಆದೇಶದಲ್ಲಿ ನಿಮ್ಮ ವಾದವೇನು, ಅದನ್ನು ಏಕೆ ಒಪ್ಪಲಿಲ್ಲ, ದಂಡ ಕಟ್ಟಿಸಿಕೊಂಡು ಸಕ್ರಮ ಮಾಡಲು ಬರುತ್ತದೆಯೇ, ಒಂದು ಮಹಡಿ ಮಾತ್ರ ತೆಗೆದರೆ ಸಾಲದೇ, ಕೆಡವುವುದೊಂದೇ ದಾರಿ ಏಕೆ ಎಂಬ ಪ್ರಶ್ನೆಗಳಿಗೆ ಉತ್ತರವಿರಬೇಕು. ನಮ್ಮ ಉದಾಹರಣೆಯಲ್ಲಿ ‘ಒಂದು ಮಹಡಿ ಮಾತ್ರ’ ಎಂಬ ಪ್ರಶ್ನೆಯೇ ನಿಮ್ಮ ಇಡೀ ಮನೆಯನ್ನು ಉಳಿಸಬಹುದು. ಆದೇಶ ಕೈಸೇರಿದ ಮೇಲೆ ಮತ್ತೆ 15 ದಿನ ತಡೆಯಬೇಕು. ಅಷ್ಟರಲ್ಲಿ ನೀವೇ ತೆಗೆಯಬಹುದು, ಇಲ್ಲವೇ ಕಾಯ್ದೆಯಲ್ಲಿ ಅವಕಾಶವಿದ್ದರೆ ಮೇಲ್ಮನವಿ ಹಾಕಿ ತಡೆಯಾಜ್ಞೆ ತರಬಹುದು. ಅಂದರೆ ನೋಟಿಸ್ ಕೈಸೇರಿದ ದಿನದಿಂದ ಕೆಡವುವ ದಿನದವರೆಗೆ, ವಿಚಾರಣೆಯ ಸಮಯ ಬಿಟ್ಟೇ ಕನಿಷ್ಠ 30 ದಿನ. ಕೆಡವುವಾಗ ವಿಡಿಯೊ ಚಿತ್ರೀಕರಣ ಆಗಬೇಕು.

ಎಲ್ಲಿ ಎಡವಟ್ಟಾಗುತ್ತದೆ ಎಂಬುದು ಪೀಠಕ್ಕೆ ಗೊತ್ತಿತ್ತು. ಕೆಡವಿದ ಮೇಲೆ ಹಳೆಯ ತಾರೀಖು ಹಾಕಿ ನೋಟಿಸ್ ಸೃಷ್ಟಿಸುವುದು ಹಳೆಯ ಚಾಳಿ. ಅದಕ್ಕೇ ನೋಟಿಸ್ ಕೊಟ್ಟ ಕೂಡಲೇ ಜಿಲ್ಲಾಧಿಕಾರಿ ಕಚೇರಿಗೆ ಇ-ಮೇಲ್ ಹೋಗಬೇಕು, ಅಲ್ಲಿಂದ ತಾನಾಗಿಯೇ ಸ್ವೀಕೃತಿ ಮರಳಿ ಬರಬೇಕು ಎಂದು ನಿರ್ದೇಶಿಸಿತು. ತಾರೀಖಿನ ಬಗ್ಗೆ ಅನುಮಾನವಿದ್ದರೆ ನೀವು ಕೇಳಬೇಕಾದ ದಾಖಲೆ ಅದೇ, ಜೊತೆಗೆ ಅಂಚೆ ಇಲಾಖೆಯ ರಸೀದಿ. ನಿರ್ದೇಶನ ಮೀರಿ ಕೆಡವಿದ ಅಧಿಕಾರಿಯ ಮೇಲೆ ನ್ಯಾಯಾಂಗ ನಿಂದನೆಯ ಕ್ರಮವಾಗಬಹುದು, ಕಟ್ಟಿಕೊಡುವ ಖರ್ಚೂ ಅವರ ಸ್ವಂತ ಜೇಬಿನಿಂದ ಹೋಗಬಹುದು.

ಒಂದು ದೊಡ್ಡ ವಿನಾಯಿತಿಯನ್ನು ಮರೆಯಬಾರದು. ರಸ್ತೆ, ಬೀದಿ, ಫುಟ್‌ಪಾತ್, ರೈಲ್ವೆ ಹಳಿಯ ಪಕ್ಕ, ನದಿ ಮತ್ತು ಜಲಮೂಲಗಳ ಮೇಲಿನ ಅನಧಿಕೃತ ಕಟ್ಟಡಗಳಿಗೂ, ನ್ಯಾಯಾಲಯವೇ ಕೆಡವಲು ಹೇಳಿದ ಕಟ್ಟಡಗಳಿಗೂ ಈ ನಿರ್ದೇಶನಗಳು ಅನ್ವಯಿಸುವುದಿಲ್ಲ. ಬೆಂಗಳೂರಿನ ಕೆರೆಯಂಗಳದ ಒತ್ತುವರಿ ತೆರವಿನಲ್ಲಿ ಯಾರಾದರೂ ಈ ತೀರ್ಪು ಹಿಡಿದು ನಿಂತರೆ, ಎದುರಿನವರು ಮೊದಲು ತೋರಿಸುವುದು ಇದೇ ಸಾಲನ್ನು. ಅಲ್ಲಿ ಆಸರೆಯಾಗುವುದು ಆಯಾ ಕಾಯ್ದೆಯಲ್ಲೇ ಇರುವ ನೋಟಿಸ್ ನಿಯಮ ಮತ್ತು ಓಲ್ಗಾ ಟೆಲಿಸ್‌ನಲ್ಲಿ ಬಂದ ‘ಮಾತು ಕೇಳಿ’ ಎಂಬ ತತ್ವ.

## ಸನ್ನಿವೇಶ: ಅಪಘಾತ, ‘ಬೆಡ್ ಇಲ್ಲ’

ಇಲ್ಲಿಯವರೆಗಿನದು ಸರ್ಕಾರ ಏನನ್ನು ಮಾಡಬಾರದು ಎಂಬುದರ ಬಗ್ಗೆ. ಸರ್ಕಾರ ಏನನ್ನಾದರೂ ಮಾಡಲೇಬೇಕು ಎಂದು 21ನೇ ವಿಧಿಯಿಂದ ಕೇಳಬಹುದೇ? ತುರ್ತು ಚಿಕಿತ್ಸೆಯ ಮಟ್ಟಿಗೆ ಉತ್ತರ ಹೌದು.

1992ರ ಜುಲೈನಲ್ಲಿ ಪಶ್ಚಿಮ ಬಂಗಾಳದಲ್ಲಿ ರೈಲಿನಿಂದ ಬಿದ್ದು ತಲೆಗೆ ಪೆಟ್ಟಾದ ಕೂಲಿಕಾರರೊಬ್ಬರನ್ನು ಒಂದಾದ ಮೇಲೊಂದು ಸರ್ಕಾರಿ ಆಸ್ಪತ್ರೆಗೆ ಹೊತ್ತೊಯ್ದರು. ಎಲ್ಲೂ ಸೇರಿಸಿಕೊಳ್ಳಲಿಲ್ಲ. ಒಂದೆಡೆ ಸೌಲಭ್ಯವಿಲ್ಲ, ಇನ್ನೊಂದೆಡೆ ಹಾಸಿಗೆ ಖಾಲಿಯಿಲ್ಲ. ಕೊನೆಗೆ ಖಾಸಗಿ ಆಸ್ಪತ್ರೆಯಲ್ಲಿ ಸುಮಾರು 17,000 ರೂಪಾಯಿ ಖರ್ಚಾಯಿತು. 1996ರಲ್ಲಿ ಸುಪ್ರೀಂ ಕೋರ್ಟ್, ಸರ್ಕಾರಿ ಆಸ್ಪತ್ರೆ ಸಕಾಲದಲ್ಲಿ ಚಿಕಿತ್ಸೆ ಕೊಡದಿರುವುದು 21ನೇ ವಿಧಿಯ ಉಲ್ಲಂಘನೆ, ಹಣವಿಲ್ಲ ಎಂಬುದು ನೆಪವಾಗದು ಎಂದು ಹೇಳಿ 25,000 ರೂಪಾಯಿ ಪರಿಹಾರ ಕೊಡಿಸಿತು. ಗಾಯಾಳುವಿಗೆ ಮೊದಲು ಚಿಕಿತ್ಸೆ, ಪೊಲೀಸ್ ಕಾಗದಪತ್ರ ಆಮೇಲೆ ಎಂಬುದನ್ನು 1989ರ ಪರಮಾನಂದ ಕಟಾರ ಪ್ರಕರಣದಲ್ಲೇ ಸರ್ಕಾರಿ ಮತ್ತು ಖಾಸಗಿ ವೈದ್ಯರಿಬ್ಬರಿಗೂ ವಿಧಿಸಲಾಗಿತ್ತು.

ಇಲ್ಲೂ ಗೆರೆ ಇದೆ. ತುರ್ತಿಲ್ಲದ ದುಬಾರಿ ಚಿಕಿತ್ಸೆಯನ್ನು ಇಂಥದ್ದೇ ಆಸ್ಪತ್ರೆಯಲ್ಲಿ ಸರ್ಕಾರದ ಖರ್ಚಿನಲ್ಲಿ ಕೊಡಿಸಿ ಎಂದು ಇದೇ ತೀರ್ಪನ್ನು ಹಿಡಿದು ಕೇಳಿದರೆ ಬಲ ಸಾಲದು. ತುರ್ತು ಪರಿಸ್ಥಿತಿ ಮತ್ತು ಸರ್ಕಾರಿ ಆಸ್ಪತ್ರೆಯ ನಿರಾಕರಣೆ, ಎರಡನ್ನೂ ತೋರಿಸಬೇಕು. ಹಾಗಾಗಿ ಪ್ರತಿ ಆಸ್ಪತ್ರೆಯ ಹೊರರೋಗಿ ಚೀಟಿಯೂ ಅದರ ಮೇಲೆ ಬರೆದ ಸಮಯವೂ ಸಾಕ್ಷ್ಯವಾಗುತ್ತವೆ. ‘ಬೆಡ್ ಇಲ್ಲ’ ಎಂಬುದನ್ನು ಬಾಯಲ್ಲಿ ಹೇಳಿಸಿಕೊಂಡು ಹೊರಟರೆ ಆಮೇಲೆ ಏನೂ ಉಳಿಯುವುದಿಲ್ಲ.

## ತುಮಕೂರಿನ ಒಂದು ಸೀಟು, 21ಎ ವಿಧಿ

ನ್ಯಾಯಾಲಯ ಓದಿದ ಹಕ್ಕು ಸಂವಿಧಾನದ ಅಕ್ಷರವೇ ಆಗಿಬಿಟ್ಟ ಒಂದು ಉದಾಹರಣೆಯ ಬೇರು ಕರ್ನಾಟಕದಲ್ಲಿದೆ. 1989ರಲ್ಲಿ ರಾಜ್ಯ ಸರ್ಕಾರ ಖಾಸಗಿ ವೈದ್ಯಕೀಯ ಕಾಲೇಜುಗಳ ವಾರ್ಷಿಕ ಶುಲ್ಕ ನಿಗದಿ ಮಾಡಿತು: ಸರ್ಕಾರಿ ಸೀಟಿಗೆ 2,000 ರೂಪಾಯಿ, ಕರ್ನಾಟಕದ ಇತರರಿಗೆ 25,000, ಹೊರರಾಜ್ಯದವರಿಗೆ 60,000. ತುಮಕೂರಿನ ಕಾಲೇಜೊಂದರಲ್ಲಿ ಎಂಬಿಬಿಎಸ್ ಸೀಟು ಬಯಸಿದ್ದ ಉತ್ತರ ಪ್ರದೇಶದ ವಿದ್ಯಾರ್ಥಿನಿ ಇದನ್ನು ಪ್ರಶ್ನಿಸಿದರು. 1992ರ ಮೋಹಿನಿ ಜೈನ್ ತೀರ್ಪು, ಶಿಕ್ಷಣದ ಹಕ್ಕು ಜೀವದ ಹಕ್ಕಿನಿಂದಲೇ ಹರಿದುಬರುತ್ತದೆ, ಹೆಚ್ಚಿನ ಹಣ ಪಡೆದು ಸೀಟು ಕೊಡುವ ಕ್ಯಾಪಿಟೇಷನ್ ಶುಲ್ಕ ಅದನ್ನು ಮಾರಾಟಕ್ಕಿಡುತ್ತದೆ ಎಂದಿತು. ಆದರೆ ಅವರಿಗೆ ಪ್ರವೇಶ ಕೊಡಿ ಎಂದು ಆದೇಶಿಸಲಿಲ್ಲ, ತರಗತಿಗಳು ಆಗಲೇ ಶುರುವಾಗಿದ್ದವು. ಪಾಸ್‌ಪೋರ್ಟ್ ಹೋಯಿತು, ಫುಟ್‌ಪಾತ್ ಹೋಯಿತು, ಈಗ ಸೀಟು.

ಮರುವರ್ಷವೇ ಉನ್ನಿಕೃಷ್ಣನ್ ಪ್ರಕರಣದಲ್ಲಿ ಐವರ ಪೀಠ ಈ ಹಕ್ಕನ್ನು ಕತ್ತರಿಸಿತು: 14 ವರ್ಷದವರೆಗೆ ಮಾತ್ರ ಹಕ್ಕು, ಆಮೇಲಿನದು ಸರ್ಕಾರದ ಆರ್ಥಿಕ ಶಕ್ತಿಗೆ ಬಿಟ್ಟದ್ದು. ವ್ಯಾಖ್ಯಾನ ಎಂದರೆ ಸದಾ ಮುಂದಕ್ಕೇ ಹೋಗುವ ಗಾಡಿಯಲ್ಲ. 2002ರ 86ನೇ ತಿದ್ದುಪಡಿ 21ಎ ವಿಧಿಯನ್ನು ಸೇರಿಸಿತು, 2010ರ ಏಪ್ರಿಲ್ 1ರಿಂದ ಶಿಕ್ಷಣ ಹಕ್ಕು ಕಾಯ್ದೆ ಜಾರಿಯಾಯಿತು. ಇಂದು 6ರಿಂದ 14 ವರ್ಷದ ಮಗುವಿಗೆ ಶಾಲೆ ನಿರಾಕರಿಸಿದರೆ ಯಾವ ತೀರ್ಪನ್ನೂ ಹುಡುಕಬೇಕಿಲ್ಲ. ಪಿಯುಸಿ ಅಥವಾ ಡಿಗ್ರಿ ಸೀಟಿಗೆ ಈ ವಿಧಿ ಸಹಾಯಕ್ಕೆ ಬರುವುದಿಲ್ಲ.

## ಸನ್ನಿವೇಶ: ಮಂಪರು ಪರೀಕ್ಷೆಗೆ ಕರೆದರೆ

‘ಏನೂ ಮುಚ್ಚಿಡದಿದ್ದರೆ ಹೆದರಿಕೆ ಏಕೆ, ಒಂದು ಇಂಜೆಕ್ಷನ್ ಅಷ್ಟೆ’ ಎಂದು ತನಿಖಾಧಿಕಾರಿ ಹೇಳುತ್ತಾರೆ. ಒಪ್ಪಲೇಬೇಕೇ?

ಬೇಕಿಲ್ಲ. 2010ರ ಮೇ 5ರ ಸೆಲ್ವಿ ವಿರುದ್ಧ ಕರ್ನಾಟಕ ಸರ್ಕಾರ ತೀರ್ಪಿನ ಪ್ರಕಾರ ಮಂಪರು ಪರೀಕ್ಷೆ, ಸುಳ್ಳುಪತ್ತೆ ಪರೀಕ್ಷೆ, ಬ್ರೈನ್ ಮ್ಯಾಪಿಂಗ್ ಮೂರನ್ನೂ ಒತ್ತಾಯದಿಂದ ಮಾಡುವಂತಿಲ್ಲ. ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಬೇಕಿಲ್ಲ ಎಂಬ 20(3)ನೇ ವಿಧಿಯ ರಕ್ಷಣೆ ಒಂದು ಕಾರಣ. ಇನ್ನೊಂದು ಕಾರಣ 21: ಮನಸ್ಸಿನ ಒಳಗಿರುವುದನ್ನು ಹೇಳುವುದೋ ಬಿಡುವುದೋ ಎಂಬುದು ವೈಯಕ್ತಿಕ ಸ್ವಾತಂತ್ರ್ಯದ ತಿರುಳು. ಒಪ್ಪಿಗೆ ಕೊಡುವುದಾದರೆ ಅದನ್ನು ಪೊಲೀಸರ ಮುಂದಲ್ಲ, ಮ್ಯಾಜಿಸ್ಟ್ರೇಟ್ ಮುಂದೆ ದಾಖಲಿಸಬೇಕು, ವಕೀಲರ ನೆರವಿರಬೇಕು. ಪರೀಕ್ಷೆಯಲ್ಲಿ ಆಡಿದ ಮಾತು ಹಾಗೆಯೇ ಸಾಕ್ಷ್ಯವಾಗುವುದಿಲ್ಲ. ಒಪ್ಪಿಗೆಯಿಂದ ನಡೆದ ಪರೀಕ್ಷೆಯ ಜಾಡು ಹಿಡಿದು ವಸ್ತುವೇನಾದರೂ ಸಿಕ್ಕರೆ ಅದು ಸಾಕ್ಷ್ಯವಾಗಬಹುದು. ಠಾಣೆಯಲ್ಲಿ ಸಹಿ ಹಾಕಿಸಿಕೊಂಡ ‘ಸ್ವಇಚ್ಛೆಯ ಒಪ್ಪಿಗೆ ಪತ್ರ’ಕ್ಕೆ ಬೆಲೆ ಇಲ್ಲದಿರುವುದು ಇದಕ್ಕೇ.

## ಸನ್ನಿವೇಶ: ‘ಆಧಾರ್ ಇಲ್ಲದಿದ್ದರೆ ಆಗಲ್ಲ’

ಖಾಸಗಿತನ ಮೂಲಭೂತ ಹಕ್ಕಲ್ಲ ಎಂದು ಖರಕ್ ಸಿಂಗ್ ತೀರ್ಪಿನ ಬಹುಮತ ಹೇಳಿತ್ತು. 55 ವರ್ಷ ಆ ಮಾತು ಉಳಿದಿತ್ತು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ ಆಧಾರ್ ಯೋಜನೆಯನ್ನು ಪ್ರಶ್ನಿಸಿದಾಗ ಸರ್ಕಾರ ಅದನ್ನೇ ಮುಂದೊಡ್ಡಿತು. ಹೀಗಾಗಿ ಪ್ರಶ್ನೆ ಒಂಬತ್ತು ನ್ಯಾಯಮೂರ್ತಿಗಳ ಮುಂದೆ ಹೋಯಿತು. 2017ರ ಆಗಸ್ಟ್ 24ರಂದು ಎಲ್ಲರೂ ಒಮ್ಮತದಿಂದ, ಖಾಸಗಿತನ 21ನೇ ವಿಧಿಯೊಳಗೇ ಇದೆ ಎಂದರು. ಎಡಿಎಂ ಜಬಲ್‌ಪುರ ತೀರ್ಪು ಅಧಿಕೃತವಾಗಿ ಬಿದ್ದುಹೋದದ್ದೂ ಅಂದೇ.

ಸರ್ಕಾರ ಖಾಸಗಿತನಕ್ಕೆ ಕೈಹಾಕಬೇಕಾದರೆ ಒಂದು ಕಾನೂನು ಇರಬೇಕು, ಉದ್ದೇಶ ನ್ಯಾಯಸಮ್ಮತವಾಗಿರಬೇಕು, ಕ್ರಮ ಉದ್ದೇಶಕ್ಕೆ ತಕ್ಕಷ್ಟೇ ಇರಬೇಕು. ಇಲಿ ಹಿಡಿಯಲು ಮನೆಗೆ ಬೆಂಕಿ ಇಡಬಾರದು ಎಂಬುದು ಮೂರನೆಯದರ ಅರ್ಥ. ಇದೇ ಅಳತೆಯಲ್ಲಿ 2018ರ ಸೆಪ್ಟೆಂಬರ್ 26ರ ತೀರ್ಪು ಆಧಾರ್ ಯೋಜನೆಯನ್ನು ಸಹಾಯಧನ ಮತ್ತು ಪ್ಯಾನ್ ಜೋಡಣೆಯ ಮಟ್ಟಿಗೆ ಎತ್ತಿಹಿಡಿಯಿತು. ಬ್ಯಾಂಕ್ ಖಾತೆ ಮತ್ತು ಮೊಬೈಲ್ ಸಂಖ್ಯೆಗೆ ಕಡ್ಡಾಯ ಮಾಡಿದ್ದನ್ನು ರದ್ದುಮಾಡಿತು. 2019ರ ತಿದ್ದುಪಡಿಯ ನಂತರ ಅಲ್ಲಿ ಆಧಾರ್ ಕೊಡುವುದು ನಿಮ್ಮ ಇಚ್ಛೆ. ಸಿಮ್ ಅಂಗಡಿಯವರು ‘ಆಗಲ್ಲ’ ಎಂದರೆ ಬೇರೆ ಗುರುತುಪತ್ರ ತೋರಿಸಬಹುದು. ಆದರೆ ಪಡಿತರ ಅಂಗಡಿಯಲ್ಲಿ ಇದೇ ವಾದ ನಡೆಯುವುದಿಲ್ಲ.

## ಸನ್ನಿವೇಶ: ಐಸಿಯುನಲ್ಲಿ ಗುಣವಾಗದ ರೋಗಿ

ಜೀವದ ಹಕ್ಕಿನಲ್ಲಿ ಸಾಯುವ ಹಕ್ಕು ಸೇರಿಲ್ಲ ಎಂದು 1996ರ ಜ್ಞಾನ್ ಕೌರ್ ತೀರ್ಪು ಹೇಳಿತ್ತು. ಆದರೆ ಘನತೆಯಿಂದ ಬದುಕುವುದರಲ್ಲಿ ಘನತೆಯಿಂದ ಕೊನೆಯಾಗುವುದೂ ಸೇರಬಹುದು ಎಂಬ ಎಳೆಯನ್ನು ಬಿಟ್ಟಿತ್ತು. ಅದನ್ನು ಹಿಡಿದು 2018ರ ಮಾರ್ಚ್ 9ರಂದು ಸುಪ್ರೀಂ ಕೋರ್ಟ್, ಗುಣವಾಗುವ ಭರವಸೆಯೇ ಇಲ್ಲದಾಗ ಜೀವರಕ್ಷಕ ಉಪಕರಣಗಳನ್ನು ತೆಗೆಯಲು ಅವಕಾಶ ಕೊಟ್ಟಿತು. ಅದಕ್ಕೆ ಮುಂಚಿತವಾಗಿಯೇ ಇಚ್ಛಾಪತ್ರ, ಅಂದರೆ ಲಿವಿಂಗ್ ವಿಲ್ ಬರೆದಿಡಬಹುದು ಎಂದಿತು. ಇಂಜೆಕ್ಷನ್ ಕೊಟ್ಟು ಸಾಯಿಸುವುದು ಇಂದಿಗೂ ಅಪರಾಧವೇ.

2018ರ ವಿಧಾನ ಎಷ್ಟು ತೊಡಕಿನದ್ದಾಗಿತ್ತೆಂದರೆ ಇಚ್ಛಾಪತ್ರಕ್ಕೆ ಮ್ಯಾಜಿಸ್ಟ್ರೇಟ್ ಸಹಿಯೇ ಬೇಕಿತ್ತು. 2023ರ ಜನವರಿಯಲ್ಲಿ ನ್ಯಾಯಾಲಯವೇ ಅದನ್ನು ಸಡಿಲಿಸಿತು. ಈಗ ಇಬ್ಬರು ಸಾಕ್ಷಿಗಳ ಮುಂದೆ ಸಹಿ ಮಾಡಿ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕು. ತನ್ನ ಪರವಾಗಿ ತೀರ್ಮಾನಿಸುವವರ ಹೆಸರು ಅದರಲ್ಲಿರಬೇಕು. ಸಮಯ ಬಂದಾಗ ಚಿಕಿತ್ಸೆ ಕೊಡುತ್ತಿರುವ ವೈದ್ಯರೂ ಐದು ವರ್ಷ ಅನುಭವದ ಇಬ್ಬರು ತಜ್ಞರೂ ಇರುವ ಮೊದಲ ಮಂಡಳಿ ನೋಡುತ್ತದೆ. ನಂತರ ಬೇರೆಯೇ ಸದಸ್ಯರ ಎರಡನೆಯ ಮಂಡಳಿ ನೋಡುತ್ತದೆ, ಅದರಲ್ಲಿ ಒಬ್ಬರನ್ನು ಜಿಲ್ಲೆಯ ಆರೋಗ್ಯಾಧಿಕಾರಿ ನೇಮಿಸುತ್ತಾರೆ. ಎರಡೂ ಸಾಧ್ಯವಾದಷ್ಟು 48 ಗಂಟೆಗಳಲ್ಲಿ ಅಭಿಪ್ರಾಯ ಕೊಡಬೇಕು. ಉಪಕರಣ ತೆಗೆಯುವ ಮುನ್ನ ಆಸ್ಪತ್ರೆ ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ಆರೋಗ್ಯಾಧಿಕಾರಿ ಮಾಡಬೇಕಾದ ಆ ನೇಮಕವೇ ಆಗದೆ ಹಲವೆಡೆ ಇದು ಕಾಗದದಲ್ಲೇ ಉಳಿದಿತ್ತು. ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿ ಕೊನೆಯಲ್ಲಿ ಆದೇಶ ಹೊರಡಿಸಿ ಈ ಕೊಂಡಿಯನ್ನು ಜೋಡಿಸಿತು. ಇಚ್ಛಾಪತ್ರವೇ ಇಲ್ಲದಿದ್ದರೆ ಮನೆಯವರ ಒಪ್ಪಿಗೆಯ ಮೇಲೆ ಇದೇ ಎರಡು ಮಂಡಳಿಗಳ ದಾರಿಯಲ್ಲಿ ಹೋಗಬಹುದು. ಮಂಡಳಿ ಒಪ್ಪದಿದ್ದರೆ ಹೈಕೋರ್ಟಿಗೆ ಹೋಗಬಹುದು.

## ಅರ್ಜಿ ಎಲ್ಲಿ, ಯಾವುದು ನಿಲ್ಲುವುದಿಲ್ಲ

ಸಾಮಾನ್ಯ ದಾರಿ 226ನೇ ವಿಧಿಯಡಿ ಹೈಕೋರ್ಟಿಗೆ ರಿಟ್ ಅರ್ಜಿ. ಕರ್ನಾಟಕದಲ್ಲಿ ಬೆಂಗಳೂರು, ಧಾರವಾಡ, ಕಲಬುರಗಿ ಪೀಠಗಳಿವೆ. ಅಕ್ರಮವಾಗಿ ಹಿಡಿದಿಟ್ಟಿದ್ದರೆ ಹೇಬಿಯಸ್ ಕಾರ್ಪಸ್, ಅದನ್ನು ಬಂಧಿತರ ಪರವಾಗಿ ಮನೆಯವರೋ ಸ್ನೇಹಿತರೋ ಹಾಕಬಹುದು. ಹೆಂಗಸರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಬಂಧನದಲ್ಲಿರುವವರು ಆದಾಯ ಎಷ್ಟೇ ಇದ್ದರೂ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರನ್ನು ಕೇಳಬಹುದು.

ಅರ್ಜಿಗಳು ಬೀಳುವುದು ಹೆಚ್ಚಾಗಿ ಎರಡು ಕಾರಣಕ್ಕೆ. ಕಾಯ್ದೆಯಲ್ಲೇ ಮೇಲ್ಮನವಿ ಇರುವಾಗ ಅದನ್ನು ಬಿಟ್ಟು ನೇರ ಹೈಕೋರ್ಟಿಗೆ ಹೋದರೆ, ‘ಅಲ್ಲಿಗೆ ಹೋಗಿ ಬನ್ನಿ’ ಎಂದು ಕಳಿಸುತ್ತಾರೆ. ನೋಟಿಸನ್ನೇ ಕೊಟ್ಟಿಲ್ಲ, ಮಾತನ್ನೇ ಕೇಳಿಲ್ಲ ಎಂದು ತೋರಿಸಿದರೆ ಈ ತಡೆ ದಾಟಬಹುದು. ಎರಡನೆಯದು, ‘21ನೇ ವಿಧಿಯ ಉಲ್ಲಂಘನೆಯಾಗಿದೆ’ ಎಂದು ಹತ್ತು ಕಡೆ ಬರೆದು ಯಾವ ಹಂತ ತಪ್ಪಿದೆ ಎಂದು ಒಂದು ಕಡೆಯೂ ಬರೆಯದಿರುವುದು.

ಎದುರಿಗಿರುವುದು ಮನೆ ಮಾಲೀಕನೋ ಕಂಪನಿಯೋ ಆಗಿದ್ದರೆ? 2023ರ ಜನವರಿಯ ಕೌಶಲ್ ಕಿಶೋರ್ ಪ್ರಕರಣದಲ್ಲಿ ಐವರಲ್ಲಿ ನಾಲ್ವರು, 19 ಮತ್ತು 21ನೇ ವಿಧಿಯ ಹಕ್ಕುಗಳನ್ನು ಸರ್ಕಾರವಲ್ಲದವರ ವಿರುದ್ಧವೂ ಕೇಳಬಹುದು ಎಂದರು. ಕರ್ನಾಟಕ ಹೈಕೋರ್ಟಿನಿಂದ ಹೋದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಇದನ್ನು ಒಪ್ಪದೆ ಪ್ರತ್ಯೇಕ ತೀರ್ಪು ಬರೆದರು. ಬಾಗಿಲು ತೆರೆದಿದೆ, ಒಳಗೆ ದಾರಿ ಇನ್ನೂ ಸವೆದಿಲ್ಲ. ಬಾಡಿಗೆ ಮನೆಯ ಕರೆಂಟ್ ಕಿತ್ತ ಮಾಲೀಕನ ವಿರುದ್ಧ ಬಾಡಿಗೆ ಕಾಯ್ದೆ, ಸಂಬಳ ಹಿಡಿದ ಕಂಪನಿಯ ವಿರುದ್ಧ ಕಾರ್ಮಿಕ ಕಾನೂನು ಹಿಡಿದು ಹೋಗುವುದೇ ಇವತ್ತಿಗೂ ಹತ್ತಿರದ ದಾರಿ.